ಬಲ ಎದೆಯ ಮೇಲಿದ್ದ ಜೇಬು

ದೊಡ್ಡಮ್ಮನ ಮಗಳು ಒಂದು ರಾತ್ರಿ ಫೋಟೋ ಕಳಿಸಿ, "ಈ ಮನುಷ್ಯ ನಿಜವಾಗ್ಲೂ ಇದಾನಾ, ಸ್ವಲ್ಪ ನೋಡಿ ಹೇಳೋ" ಅಂದಳು. ಅವಳ ಗೆಳತಿಗೆ ಎರಡು ತಿಂಗಳಿಂದ ಆನ್‌ಲೈನ್‌ನಲ್ಲಿ ಪರಿಚಯವಾದವನಂತೆ. ಹಡಗಿನಲ್ಲಿ ಡಾಕ್ಟರಂತೆ, ವಿಡಿಯೋ ಕಾಲ್ ಮಾಡೋಣ ಅಂದರೆ ನೆಟ್‌ವರ್ಕ್ ಇರೋಲ್ಲವಂತೆ, ಈಗ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಪಾರ್ಸೆಲ್ ಬಿಡಿಸಿಕೊಳ್ಳೋಕೆ ದುಡ್ಡು ಬೇಕಂತೆ. ಕಥೆ ಕೇಳಿದಾಗಲೇ ನನಗೆ ವಾಸನೆ ಹೊಡೆದಿತ್ತು. ಆದರೆ ಎರಡು ತಿಂಗಳು ಮಾತಾಡಿದ ಗೆಳತಿಗೆ ನನ್ನ ಮೂಗು ಸಾಕ್ಷಿಯಾಗುವುದಿಲ್ಲ. ಓಡಾಡುವ ಫೋಟೋಗಳ ಮೂಲ ಹುಡುಕುವುದು ನನ್ನ ಕೆಲಸವೇ ಆದ್ದರಿಂದ ಕೂತೆ.

ಮೊದಲು ಬಂದದ್ದು ಸ್ಕ್ರೀನ್‌ಶಾಟ್. ಮೇಲೆ ಬ್ಯಾಟರಿ ಗುರುತು, ಕೆಳಗೆ ಚಾಟ್ ಡಬ್ಬಿ, ನಡುವೆ ಮನುಷ್ಯ. ಹುಡುಕುವ ಯಂತ್ರಕ್ಕೆ ಆ ಅಂಚುಗಳೂ ಚಿತ್ರದ ಭಾಗವೇ, ಹಾಗಾಗಿ ಹೀಗೆ ಕೊಟ್ಟರೆ ಅದು ದಾರಿ ತಪ್ಪುತ್ತದೆ. ಫೈಲನ್ನೇ ಕಳಿಸು ಅಂದೆ. ಬಂದ ಫೈಲಿನ ಹೆಸರು `IMG-` ಎಂದು ಶುರುವಾಗಿ, ಒಂದು ದಿನಾಂಕ, ಆಮೇಲೆ `WA0007` ಎಂದಿತ್ತು. "ಡೇಟ್ ಇದೆಯಲ್ಲ, ಹೋದ ತಿಂಗಳು ತೆಗೆದಿದ್ದು" ಅಂತ ಅಕ್ಕ ಖುಷಿಪಟ್ಟಳು. ಅದು ವಾಟ್ಸಾಪ್ ಇಡುವ ಹೆಸರು, ಫೋಟೋ ಆ ಫೋನಿಗೆ ಬಂದ ದಿನ ಮಾತ್ರ. ಕ್ಯಾಮೆರಾ ಬರೆದಿಡುವ ದಿನ, ಸ್ಥಳ, ಮಾಡೆಲ್ ಇತ್ಯಾದಿ ವಾಟ್ಸಾಪ್ ದಾಟುವಾಗಲೇ ಉದುರಿಹೋಗಿರುತ್ತವೆ. ಕೈಯಲ್ಲಿ ಉಳಿದದ್ದು ಚಿತ್ರವೊಂದೇ: ನಲವತ್ತೈದರ ಆಸುಪಾಸಿನ ಗಂಡಸು, ತಿಳಿನೀಲಿ ಅಂಗಿ, ಎದೆಯವರೆಗೆ ಕತ್ತರಿಸಿದ್ದು, ಹಿಂದೆ ಮಬ್ಬಾದ ಪರದೆ.

ಚಿತ್ರ ಕೊಟ್ಟರೆ ಅದು ಇರುವ ಪುಟಗಳನ್ನು ಹುಡುಕಿಕೊಡುವ ಟಿನ್‌ಐ ಅನ್ನುವ ಜಾಲತಾಣಕ್ಕೆ ಹಾಕಿದೆ. ಫಲಿತಾಂಶ ಸೊನ್ನೆ. ಗೂಗಲ್ ಲೆನ್ಸ್‌ಗೆ ಹಾಕಿದೆ. ತಿಳಿನೀಲಿ ಅಂಗಿ ತೊಟ್ಟ ನಗುಮುಖದ ಗಂಡಸರು ಸಾಲುಗಟ್ಟಿ ಬಂದರು, ಅರ್ಧ ಜನ ಅಂಗಿ ಮಾರುವ ಅಂಗಡಿಗಳ ಮಾಡೆಲ್‌ಗಳು.

ಹೊಸಬರು ಹೆಚ್ಚಾಗಿ ಇಲ್ಲೇ ಕೈಬಿಡುತ್ತಾರೆ, ಯಾಕೆಂದರೆ ಈ ಎರಡೂ ಒಂದೇ ಕೆಲಸ ಮಾಡುತ್ತವೆ ಅಂದುಕೊಂಡಿರುತ್ತಾರೆ. ಲೆನ್ಸ್ ಮುಖ್ಯವಾಗಿ ಕೇಳಿಕೊಳ್ಳುವುದು "ಈ ಚಿತ್ರದಲ್ಲಿ ಏನಿದೆ, ಇಂಥದೇ ಬೇರೆ ಯಾವುದಿದೆ" ಅಂತ. 2008ರಲ್ಲಿ ಶುರುವಾದ ಟಿನ್‌ಐ ಕೇಳಿಕೊಳ್ಳುವುದು "ಇದೇ ಚಿತ್ರವನ್ನು ನಾನು ಮೊದಲೆಲ್ಲಾದರೂ ನೋಡಿದ್ದೇನಾ" ಅಂತ. ಅದಕ್ಕೆ ಮುಖ, ಅಂಗಿ ಯಾವುದೂ ಗೊತ್ತಿಲ್ಲ, ಚಿತ್ರದ ಬೆರಳಚ್ಚಷ್ಟೇ ಗೊತ್ತು.

ಟಿನ್‌ಐ ಒಳಗೆ ಬಳಸುವ ಲೆಕ್ಕ ಅವರದೇ ಗುಟ್ಟು. ಆದರೆ ಇಂಥ ಬೆರಳಚ್ಚಿನ ಅತಿ ಸರಳ ಜಾತಿಯೊಂದನ್ನು ಡಿ-ಹ್ಯಾಶ್ ಅನ್ನುತ್ತಾರೆ, ಅದನ್ನು ಕಾಗದದ ಮೇಲೂ ಮಾಡಬಹುದು. ಚಿತ್ರವನ್ನು ಕಪ್ಪುಬಿಳುಪು ಮಾಡಿ ಅಡ್ಡಕ್ಕೆ 9, ಉದ್ದಕ್ಕೆ 8 ಚುಕ್ಕಿಗಳಿಗೆ ಕುಗ್ಗಿಸುವುದು. ಪ್ರತಿ ಸಾಲಿನಲ್ಲೂ ಎಡದ ಚುಕ್ಕಿ ಪಕ್ಕದ ಬಲದ ಚುಕ್ಕಿಗಿಂತ ಬೆಳಗಿದ್ದರೆ 1, ಇಲ್ಲದಿದ್ದರೆ 0. ಸಾಲಿಗೆ ಎಂಟು ಹೋಲಿಕೆ, ಎಂಟು ಸಾಲು, ಒಟ್ಟು 64 ಅಂಕಿ. ಫೋಟೋವನ್ನು ಚಿಕ್ಕದು ಮಾಡಿ, ಬಣ್ಣ ಸ್ವಲ್ಪ ಏರಿಸಿ, ಹತ್ತು ಸಲ ಫಾರ್ವರ್ಡ್ ಮಾಡಿ ಕೆಡಿಸಿದರೂ ಈ 64ರಲ್ಲಿ ಎಲ್ಲೋ ನಾಲ್ಕೈದು ಬದಲಾಗಬಹುದು, ಅಷ್ಟೆ. ಅದಕ್ಕೇ ಮಸುಕಾದ ನಕಲೂ ಸಿಕ್ಕಿಬೀಳುವುದು. ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟರೆ? ಎಡ ಬಲವಾಗುತ್ತದೆ, 1 ಇದ್ದಲ್ಲಿ 0 ಬಂದು ಸಾಲಿನ ಕ್ರಮವೂ ಹಿಂದುಮುಂದಾಗುತ್ತದೆ. ನಮ್ಮ ಕಣ್ಣಿಗೆ ಅದೇ ಮನುಷ್ಯ, ಲೆಕ್ಕಕ್ಕೆ ಪೂರ್ತಿ ಬೇರೆ ಚಿತ್ರ. ಮೋಸಗಾರರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ, ತಿರುಗಿಸಿದರೆ ಸಿಕ್ಕಿಬೀಳುವುದಿಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

ಅದಕ್ಕೇ ಸೊನ್ನೆ ಬಂದಾಗ ನಾನು ಮೊದಲು ಮಾಡುವ ಕೆಲಸ ಚಿತ್ರದಲ್ಲಿ ಎಡಬಲ ಹುಡುಕುವುದು. ಅಕ್ಷರ ಇದ್ದರೆ ಸುಲಭ, ಇಲ್ಲಿ ಇರಲಿಲ್ಲ. ಅಂಗಿ ನೋಡಿದೆ. ಗಂಡಸರ ಅಂಗಿಯಲ್ಲಿ ಜೇಬು ತೊಟ್ಟವನ ಎಡ ಎದೆಯ ಮೇಲಿರುತ್ತದೆ, ಎಡಗಡೆಯ ಅಂಚು ಬಲಗಡೆಯದರ ಮೇಲೆ ಬಂದು ಗುಂಡಿ ಕೂರುತ್ತದೆ. ಈತನ ಜೇಬು ಬಲ ಎದೆಯ ಮೇಲಿತ್ತು. ದೊಡ್ಡದು ಮಾಡಿ ನೋಡಿದರೆ ಗುಂಡಿಪಟ್ಟಿಯೂ ಉಲ್ಟಾ. ಫೋನಿನ ಎಡಿಟ್‌ನಲ್ಲೇ ತಿರುಗಿಸಬಹುದು, ನಾನು ಇಮೇಜ್‌ಮ್ಯಾಜಿಕ್ ಅನ್ನುವ ತಂತ್ರಾಂಶಕ್ಕೆ ಆಜ್ಞೆ ಕೊಟ್ಟು ಮಾಡುತ್ತೇನೆ:

```
magick in.jpg -flop out.jpg
```

`-flop` ಎಡಬಲ ತಿರುಗಿಸುತ್ತದೆ. ಅದರ ತಮ್ಮ `-flip` ತಲೆಕೆಳಗು ಮಾಡುತ್ತದೆ. ಎಷ್ಟು ವರ್ಷವಾದರೂ ನನಗೆ ಇವೆರಡು ಅದಲುಬದಲಾಗುವುದು ತಪ್ಪಿಲ್ಲ.

ತಿರುಗಿಸಿದ್ದನ್ನು ಟಿನ್‌ಐಗೆ ಕೊಟ್ಟರೆ ಒಂಬತ್ತು ಕಡೆ ಸಿಕ್ಕಿತು. ಅಲ್ಲಿ ಫಲಿತಾಂಶ ಜೋಡಿಸುವ ಬಗೆಗಳಲ್ಲಿ ನನಗೆ ಬೇಕಾದವು ಎರಡು, "Oldest" ಮತ್ತು "Biggest image". ಹಳೆಯದು ಅಂತ 2013ರ ಒಂದು ಪುಟ ತೋರಿಸಿತು. ಈ ದಿನಾಂಕವನ್ನು ಫೋಟೋದ ಹುಟ್ಟುಹಬ್ಬ ಅಂದುಕೊಳ್ಳಬಾರದು. ಟಿನ್‌ಐನ ಯಂತ್ರ ಆ ಪುಟಕ್ಕೆ ಮೊದಲು ಹೋಗಿ ಚಿತ್ರ ಕಂಡ ದಿನ ಅದು, ಅದಕ್ಕೂ ಎಷ್ಟು ಮೊದಲೇ ಚಿತ್ರ ಅಲ್ಲಿತ್ತೋ. ಅದರಿಂದ ಖಚಿತವಾಗಿ ಹೇಳಬಹುದಾದದ್ದು ಒಂದೇ: 2013ಕ್ಕಿಂತ ಈಚೆಗೆ ತೆಗೆದದ್ದಲ್ಲ. ಹೋದ ತಿಂಗಳು ಹಡಗಿನ ಮೇಲೆ ತೆಗೆಸಿಕೊಂಡೆ ಅಂದವನ ಮಾತು ಅಲ್ಲಿಗೆ ಬಿದ್ದುಹೋಯಿತು.

ಮೂಲಕ್ಕೆ ಕರೆದೊಯ್ಯುವುದು ಹೆಚ್ಚಾಗಿ ದೊಡ್ಡ ಚಿತ್ರವೇ. ಕದಿಯುವವರು ಕತ್ತರಿಸುತ್ತಾರೆ, ಕುಗ್ಗಿಸುತ್ತಾರೆ. ಕತ್ತರಿಸಿಹೋದದ್ದನ್ನು ಇದ್ದಂತೆಯೇ ಮರಳಿ ತರಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಹೆಚ್ಚು ಅಗಲ, ಹೆಚ್ಚು ಅಂಚು ಇರುವ ನಕಲೇ ಮೂಲಕ್ಕೆ ಹತ್ತಿರ. ನನ್ನ ಒಂಬತ್ತರಲ್ಲಿ ಒಂದು 2400 ಚುಕ್ಕಿ ಅಗಲದ್ದು, ಅದೊಂದು ವೈದ್ಯಕೀಯ ಸಮ್ಮೇಳನದ ಆಲ್ಬಮ್. ವೇದಿಕೆಯ ಮೇಲೆ ಮೂವರು, ಹಿಂದೆ ಸಮ್ಮೇಳನದ ಹೆಸರು ಮತ್ತು 2012 ಎಂಬ ಇಸವಿ ಇರುವ ಪರದೆ, ನಮ್ಮ ಮನುಷ್ಯ ನೋಡುವವರ ಬಲತುದಿಯಲ್ಲಿ. ಕೆಳಗೆ "ಎಡದಿಂದ ಬಲಕ್ಕೆ" ಎಂದು ಮೂರು ಹೆಸರು.

ಉಳಿದವುಗಳಲ್ಲಿ ಮೂರು, ಆನ್‌ಲೈನ್ ಮೋಸದ ಬಗ್ಗೆ ಎಚ್ಚರಿಸುವ ಪುಟಗಳು. "ಈ ಫೋಟೋ ಕದ್ದದ್ದು, ನಿಜವಾದ ವ್ಯಕ್ತಿ ಇವರು" ಎಂದು ಮೂರರಲ್ಲೂ ಒಂದೇ ಹೆಸರು. ಆದರೆ ಅದು ಆಲ್ಬಮ್‌ನ ಮೂರನೆಯ ಹೆಸರಲ್ಲ, ಮೊದಲನೆಯದು!

ಮೂರು ಕಡೆ ಒಂದು, ಒಂದು ಕಡೆ ಇನ್ನೊಂದು. ಎಣಿಕೆಯಲ್ಲಿ ಮೂರೇ ಗೆಲ್ಲಬೇಕು. ಆದರೆ ಆ ಮೂರು ಪುಟಗಳ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಅಕ್ಷರದೋಷವೂ ಸೇರಿ ಅವೇ ವಾಕ್ಯಗಳು. ಒಬ್ಬರು ಬರೆದದ್ದನ್ನು ಇಬ್ಬರು ನಕಲು ಹೊಡೆದಿದ್ದರು, ಅಂದರೆ ಸಾಕ್ಷಿ ಒಂದೇ. ಆ ಒಬ್ಬರಿಗೆ ತಪ್ಪು ಹೆಸರು ಎಲ್ಲಿಂದ ಬಂತು ಅನ್ನುವುದು ತಲೆ ಕೊರೆಯಿತು. ಆಲ್ಬಮ್‌ನ ಮೂವರ ಚಿತ್ರವನ್ನೂ `-flop` ಮಾಡಿ ಹುಡುಕಿದೆ. ಒಂದು ಹಳೆಯ ಪುಟದಲ್ಲಿ ಆ ಮೂವರೂ ಕನ್ನಡಿಬಿಂಬವಾಗಿ ನಿಂತಿದ್ದರು, ಪರದೆಯ ಅಕ್ಷರಗಳನ್ನು ಕತ್ತರಿಸಿ ತೆಗೆದಿತ್ತು, ಕೆಳಗೆ ಮಾತ್ರ ಅದೇ "ಎಡದಿಂದ ಬಲಕ್ಕೆ". ತಿರುಗಿದ ಚಿತ್ರದಲ್ಲಿ ಬಲತುದಿಯವನು ಎಡತುದಿಗೆ ಬಂದಿದ್ದ, ಹೆಸರುಗಳು ಇದ್ದಲ್ಲೇ ಇದ್ದವು. ಯಾರೋ ಅದನ್ನು ನೋಡಿ ನಂಬಿಕೆಯಿಂದಲೇ ಮೊದಲ ಹೆಸರು ಬರೆದುಕೊಂಡಿದ್ದರು. ಏನೂ ಸಂಬಂಧವಿಲ್ಲದ ಇನ್ನೊಬ್ಬ ಡಾಕ್ಟರ ಹೆಸರು ವರ್ಷಗಟ್ಟಲೆ ಮೋಸದ ಪುಟಗಳಲ್ಲಿ ಅಲೆಯುತ್ತಿತ್ತು.

ಜನಕ್ಕೆ ಗೊತ್ತಿಲ್ಲದ ಸಂಗತಿ ಇದೇ ನೋಡಿ. ಈ ಬಗೆಯ ಹುಡುಕಾಟ ಹೆಸರನ್ನು ಹೇಳುವುದೇ ಇಲ್ಲ. ಚಿತ್ರ ಇರುವ ಪುಟಗಳನ್ನು ತೋರಿಸುತ್ತದೆ, ಹೆಸರು ಹೇಳುವುದು ಆ ಪುಟದಲ್ಲಿ ಚಿತ್ರದ ಪಕ್ಕ ಬರೆದ ಯಾರೋ ಒಬ್ಬರು. ಹೆಸರು ಖಚಿತವಾಗಬೇಕೆಂದರೆ ಬೇರೆ ಸಂದರ್ಭದಲ್ಲಿ, ಬೇರೆಯವರು ತೆಗೆದ ಎರಡನೆಯ ಫೋಟೋ ಬೇಕು. ಆಲ್ಬಮ್‌ನ ಮೂರನೆಯ ಹೆಸರನ್ನು ಹಿಡಿದು ಹೋದೆ. ಒಂದು ಆಸ್ಪತ್ರೆಯ ಸಿಬ್ಬಂದಿ ಪುಟದಲ್ಲಿ ಆ ಹೆಸರಿನ ಡಾಕ್ಟರ್ ಸಿಕ್ಕರು. ವಯಸ್ಸು ಏರಿತ್ತು, ಕನ್ನಡಕ ಬಂದಿತ್ತು, ಕೂದಲು ಹಿಂದೆ ಸರಿದಿತ್ತು. ನಗು ಹೋಲುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಿವಿಯನ್ನು ನೋಡುತ್ತೇನೆ, ಅದರ ಒಳಮಡಿಕೆಗಳ ಆಕಾರ ಮುಖದಷ್ಟು ಬದಲಾಗುವುದಿಲ್ಲ. ಕಿವಿಹಾಲೆ ಕೆನ್ನೆಗೆ ಅಂಟಿಕೊಂಡದ್ದು ಎರಡರಲ್ಲೂ ಒಂದೇ. ಎಡಗೆನ್ನೆಯ ಮೇಲೆ, ಕಿವಿಯಿಂದ ಎರಡು ಬೆರಳು ದೂರದಲ್ಲಿ ಮಚ್ಚೆ ಎರಡರಲ್ಲೂ ಇತ್ತು. ಅಕ್ಕ ಕಳಿಸಿದ್ದರಲ್ಲಿ ಅದೇ ಮಚ್ಚೆ ಬಲಗೆನ್ನೆಯ ಮೇಲೆ.

ಮುಖವನ್ನೇ ಅಳೆದು ಹುಡುಕುವ ಪಿಮ್‌ಐಸ್‌ನಂಥವುಗಳಿಗೆ ಯಾಕೆ ಕೊಡಲಿಲ್ಲ ಅಂತ ಕೇಳುವವರಿದ್ದಾರೆ. ಅವು ಚಿತ್ರವನ್ನು ಹುಡುಕುವುದಿಲ್ಲ, ಮುಖವನ್ನು ಸಂಖ್ಯೆಗಳ ಸಾಲಾಗಿ ಮಾಡಿ ಅದಕ್ಕೆ ಹತ್ತಿರದ ಮುಖಗಳನ್ನು ತರುತ್ತವೆ, ಹಾಗಾಗಿ ಬೇರೆ ದಿನದ ಬೇರೆ ಫೋಟೋವೂ ಸಿಗುತ್ತದೆ. ಜೊತೆಗೆ ಹೋಲುವ ಅಪರಿಚಿತರೂ ಬರುತ್ತಾರೆ, ಅವರಲ್ಲಿ ಯಾರೋ ಒಬ್ಬರನ್ನು "ಇವರೇ" ಅಂದುಬಿಡುವ ಆಸೆ ಬಲು ಕೆಟ್ಟದು. ಕದ್ದ ಫೋಟೋದ ಒಡೆಯನೂ ಇಲ್ಲಿ ಮೋಸಕ್ಕೆ ಸಿಕ್ಕವನೇ. ಅವನನ್ನು ಕೇಳದೆ ಅವನ ಮುಖವನ್ನು ಇನ್ನೊಂದು ಕಡೆ ಒಪ್ಪಿಸುವ ಕೆಲಸಕ್ಕೆ, ಬೇರೆ ದಾರಿ ಇರುವಾಗ ನಾನು ಹೋಗುವುದಿಲ್ಲ.

ಕನ್ನಡಿ ತಿರುಗಿಸಿಯೂ ಸೊನ್ನೆಯೇ ಬಂದರೆ ಚಿತ್ರವನ್ನು ತುಂಡು ಮಾಡಿ ಕೊಡುತ್ತೇನೆ. ನೀರು ತುಂಬಿದ ರಸ್ತೆಯಲ್ಲಿ ಶಾರ್ಕ್ ಈಜುವ ಫೋಟೋ 2011ರಲ್ಲಿ ಐರೀನ್ ಚಂಡಮಾರುತದ ಹೊತ್ತಿಗೆ ಪೋರ್ಟೊ ರಿಕೊದ್ದೆಂದು ಓಡಾಡಿತು. ಆ ಶಾರ್ಕ್ ಥಾಮಸ್ ಪೆಶಾಕ್ ದಕ್ಷಿಣ ಆಫ್ರಿಕಾದಲ್ಲಿ ತೆಗೆದ, ಸಣ್ಣ ದೋಣಿಯನ್ನು ಹಿಂಬಾಲಿಸುವ ಶಾರ್ಕಿನ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ಇಂಥದರಲ್ಲಿ ಇಡೀ ಚಿತ್ರ ಕೊಟ್ಟರೆ ಅದೇ ಸುಳ್ಳಿನ ನಕಲುಗಳೇ ಮೇಲೆ ಬರುತ್ತವೆ. ಶಾರ್ಕನ್ನಷ್ಟೇ ಕತ್ತರಿಸಿ ಕೊಟ್ಟರೆ ದೋಣಿಯ ಕಡೆಗೆ ಹೋಗುವ ಸಾಧ್ಯತೆ ಹೆಚ್ಚು. ಎಲ್ಲ ಮಾಡಿಯೂ ಏನೂ ಸಿಗದಿದ್ದರೆ ಫೋಟೋ ಅಸಲಿ ಅಂತ ಅರ್ಥವಲ್ಲ. ಲಾಗಿನ್ ಬೇಕಾದ ಖಾತೆಗಳ ಒಳಗೆ ಈ ಯಂತ್ರಗಳು ಹೋಗುವುದಿಲ್ಲ, ಕದ್ದದ್ದು ಅಲ್ಲಿಂದಲೇ ಆಗಿದ್ದರೆ ಯಾರಿಗೂ ಕಾಣದು.

ಅಕ್ಕನಿಗೆ ಡಾಕ್ಟರ ಹೆಸರು ಕಳಿಸಲಿಲ್ಲ, ಗೆಳತಿ ನೇರ ಅವರಿಗೇ ಫೋನ್ ಮಾಡಿ ಜಗಳ ತೆಗೆದರೆ ಕಷ್ಟ. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಜೇಬಿಗೂ ಮಚ್ಚೆಗೂ ಕೆಂಪು ಸುತ್ತು ಹಾಕಿ, ಪರದೆಯ ಮೇಲಿನ 2012 ಕಾಣುವಂತೆ ಕತ್ತರಿಸಿ ಕಳಿಸಿದೆ. ಗೆಳತಿ ಅವನಿಗೆ "ಮೂರು ಬೆರಳು ತೋರಿಸಿ ಈಗಲೇ ಒಂದು ಫೋಟೋ ತೆಗೆದು ಕಳಿಸಿ" ಅಂದಳಂತೆ. ಕ್ಯಾಮೆರಾ ಕೆಟ್ಟಿದೆ ಅಂದನಂತೆ.

ನಾಲ್ಕು ದಿನ ಬಿಟ್ಟು ಅಕ್ಕ ಇನ್ನೊಂದು ಫೋಟೋ ಕಳಿಸಿದಳು. ಅದೇ ನಂಬರು, ಹೊಸ ಮುಖ, ಈ ಸಲ ಪೈಲಟ್. "ಜೇಬು ನಾನೇ ನೋಡಿದೆ ಕಣೋ, ಸರಿಯಾಗೇ ಇದೆ. ಆದ್ರೆ ವಾಚ್‌ನಲ್ಲಿ ಅಂಕಿ ಉಲ್ಟಾ ಕಾಣ್ತಿದೆ" ಎಂದು ಬರೆದಿದ್ದಳು. ದೊಡ್ಡದು ಮಾಡಿ ನೋಡಿದೆ. ಸಮವಸ್ತ್ರಕ್ಕೆ ಎರಡೂ ಕಡೆ ಜೇಬು.