ಅಸಲು ಇಲ್ಲ, ಸಾಕ್ಷಿಗಳೂ ಇಲ್ಲ: ಉಡುಪಿಯಲ್ಲಿ ನಡೆಸಿದ ಒಂದು ವೀಲುನಾಮೆ ಕೇಸು

ಆಕೆ ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟದ್ದು ಒಂದೇ ಕಾಗದ. ದೊಡ್ಡಮ್ಮ 1984ರಲ್ಲಿ ರಿಜಿಸ್ಟರ್ ಮಾಡಿಸಿದ ವೀಲುನಾಮೆಯ ಸರ್ಟಿಫೈಡ್ ಕಾಪಿ. ಮನೆ, ಹಿತ್ತಿಲು, ತೆಂಗಿನ ತೋಟ ಎಲ್ಲವೂ ಈಕೆಗೆ ಎಂದು ಅದರಲ್ಲಿತ್ತು. ದೊಡ್ಡಮ್ಮ ತೀರಿಹೋದದ್ದು 1996ರಲ್ಲಿ. ಇಪ್ಪತ್ತು ವರ್ಷ ಯಾರೂ ಏನೂ ಕೇಳಲಿಲ್ಲ. 2016ರಲ್ಲಿ ದೊಡ್ಡಮ್ಮನ ತಮ್ಮನ ಮಕ್ಕಳು ಪಾಲು ಕೇಳಿ ದಾವೆ ಹಾಕಿದರು.

"ಅಸಲು ಎಲ್ಲಿದೆ ಅಮ್ಮಾ?" ಎಂದು ಕೇಳಿದೆ.

"ಟ್ರಂಕಲ್ಲಿತ್ತು ವಕೀಲರೇ. ಮನೆ ರಿಪೇರಿ ಆದ ಮೇಲೆ ಕಾಣಲಿಲ್ಲ. ಸಾಕ್ಷಿ ಹಾಕಿದವರು ಇಬ್ಬರೂ ಹೋದ್ರು."

ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು ಬೇಕು ಎಂದು ಆಕೆಯ ಲೆಕ್ಕ. ಇಲ್ಲೇ ಜಾಸ್ತಿ ಜನ ಎಡವುವುದು. ರಿಜಿಸ್ಟರ್ ಆದ ಮಾತ್ರಕ್ಕೆ ವೀಲು ಸಾಬೀತಾಗುವುದಿಲ್ಲ. ಸಾಮಾನ್ಯವಾಗಿ ಸಾಕ್ಷಿ ಹಾಕಿದ ಒಬ್ಬರನ್ನಾದರೂ ಕೋರ್ಟಿಗೆ ಕರೆಸಿ ಹೇಳಿಸಬೇಕು. ಮೂವತ್ತು ವರ್ಷ ಹಳೆಯ ದಸ್ತಾವೇಜಿಗೆ ಸಿಗುವ ವಿನಾಯಿತಿಯೂ ವೀಲಿಗೆ ಇಲ್ಲ. ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿದೆ. ಸಾಕ್ಷಿಗಳು ಸತ್ತಿದ್ದರೆ ಇರುವ ದಾರಿ ಸಾಕ್ಷ್ಯ ಕಾಯ್ದೆಯ 69ನೇ ಕಲಂ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅದು 68. ಸಾಕ್ಷಿಗಳಲ್ಲಿ ಒಬ್ಬರ ಸಹಿ ಅವರದೇ ಕೈಬರಹ, ವೀಲು ಬರೆಸಿದವರ ಸಹಿಯೂ ಅವರದೇ ಎಂದು ತೋರಿಸಬೇಕು.

ಆದರೆ ಸರ್ಟಿಫೈಡ್ ಕಾಪಿಯಲ್ಲಿ ಸಹಿಯೇ ಇರಲಿಲ್ಲ! ಆಗಿನ ಕಾಲದಲ್ಲಿ ಗುಮಾಸ್ತರು ಪುಸ್ತಕಕ್ಕೆ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ಸಹಿ ಇದ್ದ ಜಾಗದಲ್ಲಿ 'ಸಹಿ' ಎಂದು ಬರೆದು ಪಕ್ಕಕ್ಕೆ ಹೆಸರು, ಅಷ್ಟೇ. ಗುಮಾಸ್ತರ ಅಕ್ಷರ ತೋರಿಸಿ "ಇದು ನಿಮ್ಮ ಅಪ್ಪನ ಸಹಿಯೇ?" ಎಂದು ಯಾರನ್ನು ಕೇಳುವುದು?

ಎರಡು ವಾರ ಇದೇ ತಲೆಬಿಸಿ. ಕೊನೆಗೆ ಹೊಳೆದದ್ದು ಖಾತೆ ಬದಲಾವಣೆ. 1997ರಲ್ಲಿ ಆಕೆಯ ಹೆಸರಿಗೆ ಆರ್‌ಟಿಸಿ ಆಗಿದ್ದರೆ ಯಾವುದೋ ದಾಖಲೆ ಕೊಟ್ಟಿರಲೇಬೇಕು ಅಲ್ವಾ? ತಾಲೂಕು ಕಚೇರಿಗೆ ಅರ್ಜಿ ಹಾಕಿದೆ. ಮೊದಲು ಫೈಲೇ ಇಲ್ಲ ಎಂದರು, ಮೂರನೇ ಸಲ ಸಿಕ್ಕಿತು. ಒಳಗೆ ವೀಲಿನ ಜೆರಾಕ್ಸ್. ದೊಡ್ಡಮ್ಮನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಎಲ್ಲ ಕಾಣುತ್ತಿತ್ತು. ಅಂಚಿನಲ್ಲಿ ಗ್ರಾಮ ಲೆಕ್ಕಿಗರ ಷರಾ: "ಅಸಲು ನೋಡಿದೆ, ತಾಳೆಯಾಗಿದೆ."

ಆ ಒಂದು ಸಾಲಿನಿಂದ ನಮಗೆ ಎರಡು ಕೆಲಸ ಆಯಿತು. ಒಂದು, ಜೆರಾಕ್ಸ್ ಅಸಲಿನಿಂದಲೇ ಆದದ್ದು ಎಂಬುದಕ್ಕೆ ಆಧಾರ. ಎರಡನೆಯದು ಇನ್ನೂ ಮುಖ್ಯ. ಅಸಲು ಸಿಗದಿದ್ದರೆ ಎದುರು ಪಕ್ಷ ಮೊದಲು ಹೇಳುವುದು, ಬರೆಸಿದವರೇ ಮನಸ್ಸು ಬದಲಾಯಿಸಿ ಹರಿದು ಹಾಕಿದರು ಎಂದು. ಅವರು ಸತ್ತ ಮರುವರ್ಷ ಅಸಲು ಕೈಯಲ್ಲಿತ್ತು ಎಂದಾದರೆ ಆ ವಾದ ಅಲ್ಲಿಗೇ ಮುಗಿಯಿತು.

ನಕಲಿನ ನಕಲು ಎಂಬ ತಕರಾರು ಬರಬಾರದು ಎಂದು ಆ ಫೈಲನ್ನೇ ಸಮನ್ಸ್ ಕಳಿಸಿ ಕೋರ್ಟಿಗೆ ತರಿಸಿದೆ. ಅಸಲು ಕಳೆದದ್ದರ ಬಗ್ಗೆ ಆಕೆಯೂ ರಿಪೇರಿ ಮಾಡಿದ ಮೇಸ್ತ್ರಿಯೂ ಹೇಳಿಕೆ ಕೊಟ್ಟರು. ಇಲ್ಲಿ ನಾವು ಸ್ವಲ್ಪ ಪೆಟ್ಟು ತಿಂದೆವು. ಪೊಲೀಸ್ ದೂರು ಕೊಟ್ಟದ್ದು ದಾವೆ ಬಂದ ಮೇಲೆ. ಪಾಟೀ ಸವಾಲಿನಲ್ಲಿ ಅದನ್ನೇ ಅರ್ಧ ಗಂಟೆ ಎಳೆದರು.

ಇನ್ನು ಸಹಿಗಳು. ದೊಡ್ಡಮ್ಮ ಮುಂಬಯಿಗೆ ಈಕೆಗೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಕಾಗದಗಳಿದ್ದವು. ಆದರೆ ಆಸ್ತಿ ಸಿಗುವವರೇ ಹೇಳಿದರೆ ತೂಕ ಕಡಿಮೆ. ಹಾಗಾಗಿ ದೊಡ್ಡಮ್ಮ ಸಹಿ ಮಾಡಿದ್ದ ಹಳೆಯ ಒಂದು ಕ್ರಯಪತ್ರವನ್ನೂ ಹಾಜರುಪಡಿಸಿದೆ. ಸಾಕ್ಷಿಗಳಲ್ಲಿ ಒಬ್ಬರು ಶಾಲೆಯ ಮಾಸ್ಟ್ರು. ಇಬ್ಬರ ಮರಣ ಪತ್ರವನ್ನೂ ಕೊಟ್ಟು, ಮಾಸ್ಟ್ರ ಮಗನನ್ನು ಕರೆಸಿದೆ. ಕೈಬರಹ ತಜ್ಞರ ಕಡೆ ಹೋಗಲಿಲ್ಲ. ಪೆನ್ನಿನ ಒತ್ತಡ ಜೆರಾಕ್ಸಿನಲ್ಲಿ ಕಾಣುವುದಿಲ್ಲ, ಸುಮ್ನೆ ಎದುರಿನವರಿಗೆ ಅಸ್ತ್ರ ಕೊಟ್ಟಂತೆ.

ಮಾಸ್ಟ್ರ ಮಗ ಫೈಲು ನೋಡಿ ತಡಮಾಡದೆ ಹೇಳಿದರು: "ಅಪ್ಪನದ್ದೇ. ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡದೆ ಅವರು ಸಹಿ ಮುಗಿಸುತ್ತಿರಲಿಲ್ಲ."

ನಿಮಗೆ ಹೇಗೆ ಗೊತ್ತು ಎಂದು ಎದುರು ವಕೀಲರು ಕೇಳಿದರು. ಅವರು ಅಂಗಿ ಕಿಸೆಯಿಂದ ತಮ್ಮ ಏಳನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ತೆಗೆದರು. ತಂದದ್ದು ನನಗೂ ಹೇಳಿರಲಿಲ್ಲ. ಪಾಲಕರ ಸಹಿಯ ಜಾಗದಲ್ಲಿ ಅದೇ ಗೆರೆ, ಅದೇ ಎರಡು ಚುಕ್ಕೆ. ಗಣಿತದಲ್ಲಿ ಫೇಲ್ ಎಂದೂ ಇತ್ತು, ನ್ಯಾಯಾಧೀಶರು ನಕ್ಕರು. ಕಾರ್ಡಿಗೂ ಎಕ್ಸಿಬಿಟ್ ನಂಬರ್ ಬಿತ್ತು.

ವೀಲು ಸಾಬೀತಾಗಿದೆ ಎಂದು ತೀರ್ಪು ಬಂತು, ಪಾಲಿನ ದಾವೆ ವಜಾ ಆಯಿತು. ಅವರು ಅಪೀಲು ಹೋಗಿದ್ದಾರೆ. ಮಾಸ್ಟ್ರ ಮಗ ಈಗಲೂ ಆಗಾಗ ಫೋನ್ ಮಾಡಿ, ಕಾರ್ಡ್ ಯಾವಾಗ ವಾಪಸ್ ಸಿಗುತ್ತದೆ ಎಂದು ಕೇಳುತ್ತಾರೆ.