ಉಂಡ ಮೇಲೆ ಬೆವರು, ತಲೆಸುತ್ತು, ಭೇದಿ: ಜಠರದ ಶಸ್ತ್ರಚಿಕಿತ್ಸೆಯಾದವರಿಗೆ ಬಡಿಸುವುದು ಹೇಗೆ?

ಜಠರದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ಮಾತನಾಡಿಸಲು ನಮ್ಮ ಕಡೆ ಬೀಗರು ಬರಿಗೈಯಲ್ಲಿ ಬರುವುದಿಲ್ಲ. ಎಳನೀರು, ಗ್ಲೂಕೋಸ್ ಪುಡಿಯ ಡಬ್ಬಿ, ಒಂದು ಪೊಟ್ಟಣ ಪೇಡೆ ಇದ್ದೇ ಇರುತ್ತವೆ. ರೋಗಿ ಊಟ ಮುಗಿಸಿ ಎದ್ದ ಸ್ವಲ್ಪ ಹೊತ್ತಿಗೆ ಬೆವರತೊಡಗಿ ಗೋಡೆ ಹಿಡಿದುಕೊಂಡರೆ ಎಲ್ಲರೂ ಅಶಕ್ತಿ ಎಂದುಕೊಂಡು ಗ್ಲೂಕೋಸ್ ನೀರು ಕುಡಿಸುತ್ತಾರೆ. ಮತ್ತೆ ಬೆವರು, ಹೊಟ್ಟೆಯ ಗುಡುಗುಡು, ಭೇದಿ. ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಕೆಲಸದಲ್ಲಿರುವ ನಾನು ಇದನ್ನು ಹುಬ್ಬಳ್ಳಿಯ ಮನೆಗಳಲ್ಲೂ ಹಾವೇರಿಯ ಹಳ್ಳಿಗಳಲ್ಲೂ ಒಂದೇ ರೀತಿ ಕಂಡಿದ್ದೇನೆ.

ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಜಠರದ ಕೆಳತುದಿಯಲ್ಲಿರುವ ಸ್ನಾಯುವಿನ ಬಾಯಿ, ನುರಿದ ಆಹಾರವನ್ನು ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಜಠರದ ಭಾಗವನ್ನು ತೆಗೆದಾಗ ಅಥವಾ ಆಹಾರಕ್ಕೆ ಬೇರೆ ದಾರಿ ಮಾಡಿಕೊಟ್ಟಾಗ ಆ ತಡೆ ಹೋಗುತ್ತದೆ. ತೂಬು ಕಿತ್ತ ಕೆರೆಯಂತೆ ಉಂಡದ್ದೆಲ್ಲ ಒಮ್ಮೆಲೇ ಕರುಳಿಗೆ ಇಳಿಯುತ್ತದೆ. ಸಕ್ಕರೆ ತುಂಬಿದ ಆ ರಸವನ್ನು ತಿಳಿಯಾಗಿಸಲು ರಕ್ತದಲ್ಲಿನ ನೀರು ಕರುಳಿನೊಳಕ್ಕೆ ಬರುತ್ತದೆ. ಹೊಟ್ಟೆ ಉಬ್ಬುತ್ತದೆ, ಎದೆ ಡವಗುಟ್ಟುತ್ತದೆ, ತಲೆ ತಿರುಗುತ್ತದೆ.

ಹೆಜ್ಜೆ 1: ಗಡಿಯಾರ ನೋಡಿ. ಊಟವಾಗಿ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಬರುವುದು ಬೇಗನೆಯ ಡಂಪಿಂಗ್. ಒಂದರಿಂದ ಮೂರು ಗಂಟೆಯ ನಂತರ ಬರುವುದು ತಡವಾದ ಡಂಪಿಂಗ್. ತಡವಾದದ್ದರಲ್ಲಿ ಸಕ್ಕರೆ ರಕ್ತಕ್ಕೆ ರಭಸದಿಂದ ಸೇರಿ, ಇನ್ಸುಲಿನ್ ಅತಿಯಾಗಿ ಹರಿದು, ಕೊನೆಗೆ ರಕ್ತದ ಸಕ್ಕರೆಯೇ ಕುಸಿಯುತ್ತದೆ. ಬೆವರು ಎರಡರಲ್ಲೂ ಬರುತ್ತದೆ. ಹೊಟ್ಟೆನೋವು, ಭೇದಿ ಸಾಮಾನ್ಯವಾಗಿ ಮೊದಲನೆಯದರ ಗುರುತು. ಕೈ ನಡುಕ, ವಿಪರೀತ ಹಸಿವು, ತಬ್ಬಿಬ್ಬು ಎರಡನೆಯದರವು. ಊಟ ಶುರುವಾದ ಹೊತ್ತು, ತಿಂದದ್ದು, ತೊಂದರೆ ಕಾಣಿಸಿದ ಹೊತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಬರೆಯುತ್ತೇವೆ ಎನ್ನುವವರು ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ.

ಹೆಜ್ಜೆ 2: ತಾಟು ಚಿಕ್ಕದಾಗಲಿ. ಮೂರು ಊಟವನ್ನು ಆರು ಮಾಡಿ, ಪ್ರತಿ ಸಲ ಸಣ್ಣ ಬಟ್ಟಲಿನಷ್ಟು ಕೊಡಿ.

ಹೆಜ್ಜೆ 3: ಗಟ್ಟಿಯದನ್ನೂ ನೀರನ್ನೂ ಬೇರೆ ಮಾಡಿ. ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ. ನೀರಿನೊಂದಿಗೆ ಬೆರೆತ ಆಹಾರ ಇನ್ನೂ ಬೇಗ ಕರುಳಿಗೆ ಜಾರುತ್ತದೆ. ಊಟದ ಜೊತೆ ನೀರು ಬೇಡ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಅನ್ನದ ಮೇಲೆ ಎರಡು ಸೌಟು ಕಟ್ಟಿನ ಸಾರು ಸುರಿದು, ಕೊನೆಗೆ ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಸಾರೂ ನೀರೇ, ಮಜ್ಜಿಗೆಯೂ ನೀರೇ, ಗಂಜಿ, ಅಂಬಲಿ, ಚಹಾ ಎಲ್ಲವೂ ನೀರೇ. ತಾಟಿನ ಪಕ್ಕದಲ್ಲಿ ತಂಬಿಗೆ ಇಡುವ ರೂಢಿಯನ್ನೇ ನಿಲ್ಲಿಸಿ. ಕಣ್ಣೆದುರು ಇದ್ದರೆ ಕೈ ತಾನಾಗಿ ಹೋಗುತ್ತದೆ. ಊಟವಾದ ಮೇಲೆ ಕನಿಷ್ಠ ಅರ್ಧ ಗಂಟೆ ಏನನ್ನೂ ಕುಡಿಯಬಾರದು. ಮುಕ್ಕಾಲು ಗಂಟೆ ಕಾದರೆ ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಊಟಕ್ಕೆ ಮೊದಲೂ ಅಷ್ಟೇ ಅಂತರವಿರಲಿ. ಗಂಟಲಿಗೆ ಸಿಕ್ಕಿಕೊಂಡರೆ ಒಂದು ಗುಟುಕು ಸಾಕು.

ಹಾಗೆಂದು ನೀರನ್ನೇ ಕಡಿಮೆ ಮಾಡಿದರೆ ಭೇದಿಯಾಗುತ್ತಿರುವ ರೋಗಿ ಸೊರಗುತ್ತಾರೆ. ಮಿತಿ ಹಾಕಬೇಕಾದದ್ದು ಕುಡಿಯುವ ಹೊತ್ತಿಗೆ, ನೀರಿನ ಪ್ರಮಾಣಕ್ಕಲ್ಲ. ಎರಡು ಊಟಗಳ ನಡುವೆ ಅರ್ಧ ಲೋಟದಂತೆ ಗುಟುಕು ಗುಟುಕಾಗಿ, ದಿನಕ್ಕೆ ವೈದ್ಯರು ಹೇಳಿದಷ್ಟೂ ಹೊಟ್ಟೆಗೆ ಹೋಗಬೇಕು.

ನಮ್ಮ ಸೀಮೆಯ ಅಡುಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೆತ್ತನೆಯ ಬಿಸಿ ಜೋಳದ ರೊಟ್ಟಿ, ಖಾರ ಕಡಿಮೆ ಮಾಡಿದ ಝುಣಕ, ಗಟ್ಟಿ ಹೆಸರುಕಾಳಿನ ಪಲ್ಯ, ಬೇಯಿಸಿದ ಮೊಟ್ಟೆ, ಕೆನೆ ತೆಗೆದ ಗಟ್ಟಿ ಮೊಸರು ಎಲ್ಲವೂ ನಡೆಯುತ್ತವೆ. ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ರೊಟ್ಟಿ. ಚೆನ್ನಾಗಿ ಅಗಿದು, ಇಪ್ಪತ್ತು ನಿಮಿಷ ತೆಗೆದುಕೊಂಡು ತಿನ್ನಬೇಕು. ಕಟಕ ರೊಟ್ಟಿ ಮಾತ್ರ ವೈದ್ಯರು ಒಪ್ಪುವವರೆಗೆ ಬೇಡ.

ಹೆಜ್ಜೆ 4: ಸಿಹಿ ತೆಗೆಯಿರಿ. ಬೆಲ್ಲ, ಜೇನು, ಹಣ್ಣಿನ ರಸ, ಎಳನೀರು ಎಲ್ಲವೂ ಈ ಪಟ್ಟಿಯಲ್ಲಿವೆ. ಬೆಲ್ಲ ತಂಪು, ಸಕ್ಕರೆ ಉಷ್ಣ ಎಂಬ ವಾದ ಕರುಳಿಗೆ ಗೊತ್ತಿಲ್ಲ. ಶಕ್ತಿವರ್ಧಕ ಪುಡಿಗಳ ಡಬ್ಬಿಯ ಹಿಂಬದಿ ಓದಿ. ಸಕ್ಕರೆ, ಗ್ಲೂಕೋಸ್, ಮಾಲ್ಟೋಡೆಕ್ಸ್ಟ್ರಿನ್ ಮೊದಲ ಸಾಲಿನಲ್ಲಿದ್ದರೆ ಮರಳಿಸಿಬಿಡಿ. ಸಕ್ಕರೆರಹಿತ ಎಂದು ಮಾರುವ ಬಿಸ್ಕತ್ತು, ಚಾಕೊಲೇಟುಗಳಲ್ಲಿ ಸಾರ್ಬಿಟಾಲ್ ಅಥವಾ ಮಾಲ್ಟಿಟಾಲ್ ಇದ್ದರೆ ಅವೇ ಭೇದಿ ತರಿಸುತ್ತವೆ. ಹಾಲು ಸಹ ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ಒಗ್ಗುವುದಿಲ್ಲ, ಅಂಥವರು ಮೊಸರಿಗೆ ಬರಲಿ.

ಹೆಜ್ಜೆ 5: ಊಟವಾದ ಮೇಲೆ ಅರ್ಧ ಗಂಟೆ ಒರಗಿ. ಉಂಡು ಮಲಗಬಾರದೆಂದು ಹಿರಿಯರು ತಡೆಯುತ್ತಾರೆ, ಆದರೆ ಇಲ್ಲಿ ಒರಗುವುದೇ ಮದ್ದು. ಇಳಿತ ನಿಧಾನವಾಗುತ್ತದೆ, ಬವಳಿ ಬಂದರೂ ಬೀಳುವುದಿಲ್ಲ. ಎದೆಯುರಿ ಅಥವಾ ಪಿತ್ತ ಮೇಲಕ್ಕೆ ಬರುವವರು ಬೆನ್ನಿಗೆ ದಿಂಬು ಕೊಟ್ಟುಕೊಂಡು ಅರ್ಧ ಕುಳಿತಂತೆ ಒರಗಬೇಕು.

ಒಂದು ಉದಾಹರಣೆ ನೋಡಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರಿಗೆ ಕ್ಯಾನ್ಸರ್‌ಗಾಗಿ ಜಠರದ ಬಹುಭಾಗ ತೆಗೆದಿದ್ದರು. ಬೆಳಿಗ್ಗೆ ತಟ್ಟೆ ತುಂಬ ಉಪ್ಪಿಟ್ಟು, ಜೊತೆಗೆ ಸಿಹಿ ಚಹಾ. ಇಪ್ಪತ್ತು ನಿಮಿಷಕ್ಕೆ ಬೆವರು, ನಾಡಿ 78ರಿಂದ 104ಕ್ಕೆ, ಆಮೇಲೆ ಭೇದಿ. ನಾವು ಚಹಾವನ್ನು ಸಕ್ಕರೆಯಿಲ್ಲದೆ ಆರೂವರೆಗೆ ಸರಿಸಿದೆವು. ಏಳೂಕಾಲಿಗೆ ಒಂದು ಮೊಟ್ಟೆ, ಅರ್ಧ ರೊಟ್ಟಿ, ಎರಡು ಚಮಚ ಝುಣಕ. ನಂತರ ಎಂಟು ಗಂಟೆಯವರೆಗೆ ಒರಗುವುದು, ಎಂಟೂಕಾಲಿಗೆ ನೀರು. ಬೆಳಗಿನ ಕಾಟ ತಗ್ಗಿತು. ಆದರೆ ಮನೆಯಲ್ಲಿ ಹಬ್ಬವಾದ ದಿನ ಮಧ್ಯಾಹ್ನ ಎರಡು ಹೋಳಿಗೆ ತಿಂದು ಮಾರುಕಟ್ಟೆಗೆ ಹೋದವರಿಗೆ ಎರಡು ಗಂಟೆಯ ನಂತರ ಕೈ ನಡುಗಿತು. ಸಕ್ಕರೆ ಅಳೆಯುವ ಯಂತ್ರ 58 ತೋರಿಸಿತು. ಇದು ತಡವಾದ ಡಂಪಿಂಗ್.

ಗ್ಲೂಕೋಸ್ ಡಬ್ಬಿಗೆ ಕೆಲಸವಿರುವುದು ಈ ಒಂದು ಸಂದರ್ಭದಲ್ಲಿ. ಯಂತ್ರದಲ್ಲಿ 70ಕ್ಕಿಂತ ಕಡಿಮೆ ಬಂದರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು, ಸ್ವಲ್ಪ ನೀರಿನಲ್ಲಿ ಕೊಟ್ಟು ಹದಿನೈದು ನಿಮಿಷದ ನಂತರ ಮತ್ತೆ ಅಳೆಯಿರಿ. ಚೇತರಿಸಿಕೊಂಡ ಮೇಲೆ ಮೊಟ್ಟೆ ಅಥವಾ ಗಟ್ಟಿ ಮೊಸರು ಕೊಡಿ. ಬರೀ ಗ್ಲೂಕೋಸಿಗೆ ನಿಲ್ಲಿಸಿದರೆ ಇನ್ನೊಂದು ಕುಸಿತ ಬರಬಹುದು. ಪ್ರಜ್ಞೆ ಮಂಕಾದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಬೆವರುವ ಹೊತ್ತಿನಲ್ಲಿ ಗಾಡಿ ಓಡಿಸಲು ಬಿಡಲೇಬೇಡಿ.

ಕಪ್ಪು ಮಲ, ರಕ್ತವಾಂತಿ, ಜ್ವರ, ಬಿಡದ ಹೊಟ್ಟೆನೋವು, ಊಟಕ್ಕೆ ಸಂಬಂಧವಿಲ್ಲದೆ ರಾತ್ರಿ ಎಬ್ಬಿಸುವ ಭೇದಿ ಇವು ಡಂಪಿಂಗ್ ಅಲ್ಲ. ನೋಟ್‌ಬುಕ್ ತುಂಬಲು ಕಾಯದೆ ಹೊರಡಿ.

ಪಥ್ಯವನ್ನು ಕೆಲವು ವಾರ ಸರಿಯಾಗಿ ಪಾಲಿಸಿದರೂ ಇಳಿಯದಿದ್ದರೆ ನೋಟ್‌ಬುಕ್ ಹಿಡಿದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಲ್ಲಿಗೆ ಹೋಗಿ. ತಡವಾದ ಬಗೆಗೆ ಅಕಾರ್ಬೋಸ್ ಮಾತ್ರೆ, ಹಟ ಹಿಡಿದ ಡಂಪಿಂಗ್‌ಗೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು ಇವೆ. ಯಾರಿಗೆ ಯಾವುದು ಎಂಬುದನ್ನು ಅವರು ನಿರ್ಧರಿಸುತ್ತಾರೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದನ್ನು ಮೊದಲೇ ಹೇಳಿ, ಏಕೆಂದರೆ ಹಳೆಯ ಪ್ರಮಾಣ ಈಗ ಹೆಚ್ಚಾಗಿರಬಹುದು.