ಬ್ಲೌಸಿನ ಬಣ್ಣ: ಟೈಲರ್‌ಗೆ ಕೊಡುವ ಚೀಟಿಯಲ್ಲಿ ಏನೇನು ಬರೆಯಬೇಕು

ಬ್ಲೌಸ್ ಹೊಲಿಯಲು ಕೊಡುವಾಗ ಅಳತೆಯ ವಿಷಯದಲ್ಲಿ ನಾವೆಲ್ಲ ತುಂಬ ಎಚ್ಚರವಾಗಿರುತ್ತೇವೆ. ಅಳತೆಗೆಂದು ಹಳೇ ಬ್ಲೌಸ್ ಕೊಡುತ್ತೇವೆ, ಕತ್ತು ಎಷ್ಟು ಆಳ, ತೋಳು ಎಲ್ಲಿಯವರೆಗೆ ಎಂದು ಎರಡೆರಡು ಸಲ ಹೇಳುತ್ತೇವೆ. ಬಣ್ಣಕ್ಕೆ ಬಂದಾಗ ಮಾತ್ರ "ಸೀರೆಗೆ ಮ್ಯಾಚ್ ಆಗೋ ಹಾಗೆ ಪೈಪಿಂಗ್ ಕೊಡಿ ಮಾಸ್ಟ್ರೇ, ಲೈನಿಂಗ್ ನೀವೇ ಹಾಕ್ಬಿಡಿ" ಎಂದು ಹೇಳಿ ಎದ್ದು ಬರುತ್ತೇವೆ. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೆ ಪಕ್ಕದ ಹೊಲಿಗೆ ಬಿಚ್ಚಿ ಸರಿ ಮಾಡಬಹುದು. ಲೈನಿಂಗ್ ಬಣ್ಣ ತಪ್ಪಿದರೆ ಇಡೀ ಬ್ಲೌಸನ್ನೇ ಬಿಚ್ಚಬೇಕಾಗುತ್ತದೆ, ರೇಷ್ಮೆಯಾದರೆ ಹಳೇ ಹೊಲಿಗೆಯ ತೂತುಗಳು ಹಾಗೇ ಉಳಿಯುತ್ತವೆ. ಅದಕ್ಕೇ ಬಣ್ಣದ ವಿಷಯವನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬಟ್ಟೆಯ ಚೂರು ಸೇರಿಸಿ ಚೀಟಿ ಬರೆದು ಕೊಡಿ ಎಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತಿರುತ್ತೇನೆ.

ನನ್ನ ತಂಗಿಯ ಮಗಳ ಸೀರೆಯನ್ನೇ ತೆಗೆದುಕೊಳ್ಳೋಣ. ಮೈ ಸಾಸಿವೆ ಹಳದಿ, ಬಾರ್ಡರ್ ಮರೂನ್, ಅದರಲ್ಲಿ ಸಣ್ಣ ಜರಿ. ಸೀರೆಯ ಜೊತೆ ಬಂದ ಬ್ಲೌಸ್ ಪೀಸ್ ಹಳದಿಯದೇ. ಅವಳಿಗೆ ಬೇಕಿದ್ದದ್ದು ಬಾರ್ಡರಿನ ಬಣ್ಣದ ಬ್ಲೌಸ್, ಅದಕ್ಕೆ ಹಳದಿ ಪೈಪಿಂಗ್. ಬೇರೆ ಮರೂನ್ ರೇಷ್ಮೆ ತಂದು ಸೀರೆಯ ಪಕ್ಕದಲ್ಲಿಟ್ಟರೆ ಏಕೋ ಹೊಂದಲಿಲ್ಲ. ಎರಡೂ ಮರೂನೇ, ಆದರೂ ಹೊಸ ಬಟ್ಟೆ ನೇರಳೆಗೆ ತಿರುಗಿದ ಹಾಗೆ ಕಾಣುತ್ತಿತ್ತು.

ಕಾರಣ ನೇಯ್ಗೆಯಲ್ಲೇ ಇದೆ. ಎಷ್ಟೋ ಸೀರೆಗಳಲ್ಲಿ ಬಾರ್ಡರಿಗೆ ಹಾಸಿನ ನೂಲು ಮಾತ್ರ ಬೇರೆ ಬಣ್ಣದ್ದು. ಹೊಕ್ಕಿನ ನೂಲು ಮೈಯಲ್ಲಿ ಇದ್ದದ್ದೇ ಈ ಅಂಚಿನಿಂದ ಆ ಅಂಚಿನವರೆಗೆ ಓಡುತ್ತದೆ. ಹಾಗಾಗಿ ಇವಳ ಬಾರ್ಡರಿನ ಮರೂನ್ ಒಳಗೆ ಹಳದಿ ಎಳೆಯೂ ಇತ್ತು. ಆ ಹಳದಿ ಸೇರಿ ಮರೂನ್ ಇಟ್ಟಿಗೆಯ ಕಡೆಗೆ, ಕಂದಿನ ಕಡೆಗೆ ವಾಲಿತ್ತು. ಬಾರ್ಡರನ್ನು ಬೆಳಕಿನಲ್ಲಿ ಓರೆ ಮಾಡಿ ನೋಡಿದರೆ ಒಂದು ಕೋನದಲ್ಲಿ ಹಳದಿ ಮಿನುಗುವುದು ಕಾಣುತ್ತದೆ, ಅದೇ ಗುರುತು. ಬಾರ್ಡರಿಗೆ ಬೇರೆಯೇ ಲಾಳಿ ಹಾಕಿ ನೇಯ್ದ ಸೀರೆಯಾದರೆ ಈ ಬೆರಕೆ ಇರುವುದಿಲ್ಲ. ಅಲ್ಲಿ ಅಪ್ಪಟ ಮರೂನೇ ಹೊಂದುತ್ತದೆ.

ಅದಕ್ಕೇ ಚೀಟಿಯಲ್ಲಿ ಬಣ್ಣದ ಹೆಸರನ್ನಷ್ಟೇ ಬರೆದರೆ ಸಾಲದು, ಅದು ಯಾವ ಕಡೆ ವಾಲಿದೆ ಎಂದೂ ಬರೆಯಬೇಕು. ಮರೂನ್ ಕಂದಿನ ಕಡೆಗೋ ನೇರಳೆಯ ಕಡೆಗೋ, ಹಸಿರು ಹಳದಿಯ ಕಡೆಗೋ ನೀಲಿಯ ಕಡೆಗೋ, ಗುಲಾಬಿ ಕಿತ್ತಳೆಯ ಕಡೆಗೋ ನೇರಳೆಯ ಕಡೆಗೋ. ಆಮೇಲೆ ತಿಳಿಯೋ ಗಾಢವೋ, ಹೊಳಪು ಇದೆಯೋ ಮಂಕೋ. ಇಷ್ಟು ತಿಳಿದರೆ ನಿಮ್ಮ ಚೂರಿಗೆ ಸರಿಯಾಗಿ ಹೊಂದುವ ಬಟ್ಟೆ ಸಿಗದೆ ಹೋದರೂ, ಯಾವ ದಿಕ್ಕಿಗೆ ಸ್ವಲ್ಪ ಸರಿದರೆ ಪರವಾಗಿಲ್ಲ, ಯಾವ ದಿಕ್ಕಿಗೆ ಸರಿಯಲೇಬಾರದು ಎಂಬುದು ಮಾಸ್ಟರಿಗೆ ಗೊತ್ತಾಗುತ್ತದೆ.

ಬಣ್ಣ ಹೊಂದಿಸಿ ನೋಡುವುದು ಹಗಲಿನಲ್ಲೇ ಆಗಬೇಕು, ಕಿಟಕಿಯ ಪಕ್ಕ, ನೇರ ಬಿಸಿಲಿಗಲ್ಲ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಟ್ಟೆ ಹಗಲಿಗೆ ಬಂದ ಕೂಡಲೇ ಬೇರೆಬೇರೆಯಾಗುವುದುಂಟು. ಎರಡಕ್ಕೂ ಹಾಕಿರುವ ಬಣ್ಣದ ಪುಡಿ ಬೇರೆಯಾದ್ದರಿಂದ ಒಂದೊಂದು ಬೆಳಕಿಗೆ ಒಂದೊಂದು ರೀತಿ ತೋರುತ್ತವೆ. ಹಗಲಿನಲ್ಲಿ ಹೊಂದಿದ ಮೇಲೆ ಸಂಜೆ ಮನೆಯ ದೀಪದಲ್ಲೂ ಒಮ್ಮೆ ನೋಡಿ, ಯಾಕೆಂದರೆ ರೇಷ್ಮೆ ಉಡುವುದು ಹೆಚ್ಚಾಗಿ ದೀಪದ ಬೆಳಕಿನಲ್ಲೇ. ಮೊಬೈಲಿನ ಫೋಟೋ ಕಳಿಸಿ "ಇದೇ ಬಣ್ಣ" ಎಂದು ಮಾತ್ರ ಹೇಳಬೇಡಿ. ಕ್ಯಾಮೆರಾ ತಾನೇ ಬಣ್ಣ ತಿದ್ದುತ್ತದೆ, ನೋಡುವವರ ಪರದೆ ಇನ್ನಷ್ಟು ತಿದ್ದುತ್ತದೆ. ಕತ್ತಿನ ಡಿಸೈನ್ ತೋರಿಸಲು ಫೋಟೋ ಸಾಕು, ಬಣ್ಣಕ್ಕೆ ಚೂರೇ ಬೇಕು.

ಚೂರು ಎರಡು ಇಂಚಿನಷ್ಟಾದರೂ ಇರಲಿ, ಉಗುರಿನಷ್ಟು ಸಣ್ಣದರಲ್ಲಿ ಬಣ್ಣ ಗೊತ್ತಾಗುವುದಿಲ್ಲ. ಬಿಳಿ ಕಾಗದದ ಮೇಲಿಟ್ಟು ಒಂದು ಮೂಲೆಗೆ ನಾಲ್ಕು ಹೊಲಿಗೆ ಹಾಕಿ. ಮೇಲೆ ಟೇಪ್ ಅಂಟಿಸಿದರೆ ಅದರ ಹೊಳಪು ಬಣ್ಣವನ್ನು ಕೆಡಿಸುತ್ತದೆ. ಪಕ್ಕದಲ್ಲೇ ಅದು ಎಲ್ಲಿಗೆ ಎಂದು ಬರೆಯಿರಿ.

ಈಗ ಲೈನಿಂಗ್. ಒಳಗಿರುವುದು ತಾನೇ, ಯಾರು ನೋಡುತ್ತಾರೆ ಎಂದು ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಆದರೆ ತೆಳು ಬಟ್ಟೆಯ ಬಣ್ಣ ಅರ್ಧ ನಿಲ್ಲುವುದು ಲೈನಿಂಗ್ ಮೇಲೆಯೇ. ಪರೀಕ್ಷೆ ಸುಲಭ. ಬ್ಲೌಸಿನ ಬಟ್ಟೆಯನ್ನು ಅರ್ಧ ಬಿಳಿ ಕಾಗದದ ಮೇಲೆ, ಅರ್ಧ ಯಾವುದಾದರೂ ಗಾಢ ಬಟ್ಟೆಯ ಮೇಲೆ ಬರುವಂತೆ ಹಾಸಿ ಕಿಟಕಿಯ ಬಳಿ ನೋಡಿ. ಎರಡೂ ಕಡೆ ಒಂದೇ ರೀತಿ ಕಂಡರೆ ಬಟ್ಟೆ ದಪ್ಪವಿದೆ, ಲೈನಿಂಗ್ ಬಣ್ಣದ ಚಿಂತೆ ಹೆಚ್ಚಿಲ್ಲ. ವ್ಯತ್ಯಾಸ ಕಂಡರೆ ಲೈನಿಂಗ್ ಬಣ್ಣವನ್ನು ನೀವೇ ಆರಿಸಬೇಕು.

ತಂಗಿಯ ಮಗಳಿಗೆ ಆಮೇಲೆ ತಂದ, ಕಂದಿನ ಕಡೆ ವಾಲಿದ ಮರೂನ್ ರೇಷ್ಮೆ ಬಿಳಿಯ ಮೇಲೆ ಸ್ಪಷ್ಟವಾಗಿ ತಿಳಿಯಾಗಿ ಕಂಡಿತು. ಅದಕ್ಕೆ ಬಿಳಿ ಲೈನಿಂಗ್ ಹಾಕಿದರೆ ಬಟ್ಟೆ ಬಿಗಿಯಾಗುವ ಜಾಗದಲ್ಲಿ, ಅಂದರೆ ಎದೆ, ಕಂಕುಳು, ಬೆನ್ನಿನ ಹೊಲಿಗೆಯ ಹತ್ತಿರ, ಬಣ್ಣ ಪೇಲವವಾಗುತ್ತದೆ. ಕತ್ತು ಸ್ವಲ್ಪ ಹೊರಳಿದರೂ ಬಿಳಿ ಗೆರೆ ಇಣುಕುತ್ತದೆ. ಕಪ್ಪು ಹಾಕಿದರೆ ಕೆಂಪಿನ ಜೀವವೇ ಹೋಗಿ ಬ್ಲೌಸ್ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇಂಥ ಬಟ್ಟೆಗೆ ಅದೇ ಮರೂನ್ ಅಥವಾ ಅದಕ್ಕಿಂತ ಸ್ವಲ್ಪ ಗಾಢವಾದದ್ದು ಸರಿ. ಹಳದಿಯಂಥ ತಿಳಿ ಬಣ್ಣಕ್ಕೆ ಮಾತ್ರ ಗಾಢವಾದದ್ದು ಬೇಡವೇ ಬೇಡ, ಅದೇ ಹಳದಿ ಅಥವಾ ಕೆನೆ ಬಣ್ಣ ಸಾಕು. ಬಿಳಿ ಬ್ಲೌಸಿಗೆ ಬಿಳಿ ಲೈನಿಂಗೇ ಎಂದುಕೊಳ್ಳುತ್ತೇವೆ, ಆದರೆ ತೆಳು ಬಿಳಿಯ ಕೆಳಗೆ ಅದರ ಅಂಚು ಎದ್ದು ಕಾಣುತ್ತದೆ. ಉಡುವವರ ಮೈಬಣ್ಣಕ್ಕೆ ಹತ್ತಿರದ ಲೈನಿಂಗ್ ಹಾಕಿದರೆ ಅಂಚು ಕಾಣುವುದಿಲ್ಲ. ನೆಟ್ ತೋಳಿಗೂ ಹಾಗೇ.

ಹತ್ತಿ ಲೈನಿಂಗನ್ನು ಕೊಡುವ ಮೊದಲು ನೀರಲ್ಲಿ ನಾಲ್ಕೈದು ಗಂಟೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಮರೂನ್, ಕಡುನೀಲಿ, ಕಡುಹಸಿರು ಲೈನಿಂಗ್ ಆದರೆ ಬಣ್ಣ ಬಿಡುತ್ತದೆಯೇ ಎಂದೂ ನೋಡಬೇಕು. ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಹತ್ತಿದರೆ ಆ ಲೈನಿಂಗ್ ಬೇಡ, ಬೆವರಿಗೆ ಅದು ಹಳದಿ ಪೈಪಿಂಗಿಗೂ ಸೀರೆಗೂ ಕಲೆ ಮಾಡುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ.

ಕಾಂಟ್ರಾಸ್ಟಿನ ವಿಷಯದಲ್ಲಿ ನನಗೆ ಒಂದು ಖಚಿತ ಅಭಿಪ್ರಾಯವಿದೆ. ಪೈಪಿಂಗ್ ಕತ್ತಿನ ಹತ್ತಿರ ಬರುತ್ತದೆ, ಸೆರಗು ಅದರ ಪಕ್ಕದಲ್ಲೇ ಹಾಯುತ್ತದೆ. ಎರಡು ಹಳದಿ ಒಂದಕ್ಕೊಂದು ತಾಕಿಕೊಂಡೇ ಇರುವಾಗ ಸ್ವಲ್ಪ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಪೂರ್ತಿ ಬೇರೆ ಬಣ್ಣ ಹಾಕಿದರೆ ಬೇಕೆಂದೇ ಹಾಕಿದ್ದು ಎನಿಸುತ್ತದೆ, ಹತ್ತಿರ ಬಂದು ತಪ್ಪಿದ್ದು ಮಾತ್ರ ತಪ್ಪಾಗಿಯೇ ಕಾಣುತ್ತದೆ. ನಮ್ಮ ಸೀರೆಗೆ ಅದರದೇ ಹಳದಿ ಬ್ಲೌಸ್ ಪೀಸ್ ಇತ್ತಲ್ಲ, ಅದರಿಂದಲೇ ಪಟ್ಟಿ ಕತ್ತರಿಸಲು ಕೊಟ್ಟೆವು. ಅದು ಇಲ್ಲದವರು ಸರಿಯಾದ ಹಳದಿ ಸಿಗದಿದ್ದರೆ ಹಳೇ ಚಿನ್ನದ ಬಣ್ಣದ ಟಿಶ್ಯೂ ಬಟ್ಟೆ ಹಾಕಿಸಲಿ, ಅಥವಾ ಮರೂನಿನದೇ ಪೈಪಿಂಗ್ ಇರಲಿ.

ಕೊನೆಗೆ ಅವಳ ಕೈಯಲ್ಲಿ ಹೀಗೆ ಬರೆಸಿದೆ:

"ಮಾಸ್ಟ್ರೇ, ನಮಸ್ಕಾರ. ಬ್ಲೌಸಿನ ಬಟ್ಟೆ ಚೂರು 1, ಕಂದಿನ ಕಡೆ ವಾಲಿದ ಮರೂನ್ ರೇಷ್ಮೆ. ಮುಂಭಾಗ, ಬೆನ್ನು, ಎರಡೂ ತೋಳು ಬಟ್ಟೆಯ ಉದ್ದಕ್ಕೇ ಕತ್ತರಿಸಿ. ತೋಳನ್ನು ಅಡ್ಡಕ್ಕೆ ಹಾಕಬೇಡಿ, ಹೊಳಪು ಬೇರೆ ಕಾಣುತ್ತದೆ. ಪೈಪಿಂಗ್ ಚೂರು 2, ಸಾಸಿವೆ ಹಳದಿ, ಕತ್ತಿಗೆ ಮತ್ತು ತೋಳಿನ ತುದಿಗೆ ಮಾತ್ರ, ತೀರಾ ಸಣ್ಣದಾಗಿ. ಬೆನ್ನಿನ ಡೋರಿ ಮರೂನ್ ಬಟ್ಟೆಯದೇ ಆಗಲಿ, ಹಳದಿ ಬೇಡ. ಲೈನಿಂಗ್ ಚೂರು 3, ಗಾಢ ಮರೂನ್ ಹತ್ತಿ, ನೆನೆಸಿ ಇಸ್ತ್ರಿ ಮಾಡಿ ಕೊಟ್ಟಿದ್ದೇನೆ, ತೋಳಿಗೂ ಹಾಕಿ. ಸಾಲದೆ ಬಂದರೆ ಇನ್ನೂ ಸ್ವಲ್ಪ ಗಾಢ ಆಗಬಹುದು. ವೈನ್ ಬಣ್ಣ, ಬಿಳಿ, ಕಪ್ಪು ಬೇಡ. ದಾರ ಬಟ್ಟೆಗಿಂತ ಸ್ವಲ್ಪ ಗಾಢ ಇರಲಿ. ಬೇರೆ ಬಣ್ಣ ಹಾಕಬೇಕಾಗಿ ಬಂದರೆ ಕತ್ತರಿಸುವ ಮೊದಲು ದಯವಿಟ್ಟು ಫೋನ್ ಮಾಡಿ."

ದಾರ ಗಾಢ ಇರಲಿ ಎಂದದ್ದು ಯಾಕೆಂದರೆ, ಉಂಡೆಯಲ್ಲಿ ಸುತ್ತಿಕೊಂಡಾಗ ಕಾಣುವಷ್ಟು ಗಾಢವಾಗಿ ಒಂಟಿ ಎಳೆ ಹೊಲಿಗೆಯಲ್ಲಿ ಕಾಣುವುದಿಲ್ಲ. ಉಂಡೆಯಿಂದ ಒಂದು ಎಳೆ ಬಿಚ್ಚಿ ಬಟ್ಟೆಯ ಮೇಲೆ ಹಾಕಿ ನೋಡಿದರೆ ತಿಳಿಯುತ್ತದೆ.

ಚೀಟಿಗೆ ಎರಡು ಪ್ರತಿ ಮಾಡಿ, ಎರಡಕ್ಕೂ ಚೂರು ಹೊಲಿಯಿರಿ. ಒಂದನ್ನು ಬಟ್ಟೆಯ ಗಂಟಿನ ಜೊತೆಗೇ ಪಿನ್ ಮಾಡಿಸಿ, ಬಿಲ್ಲಿನ ಪುಸ್ತಕದೊಳಗೆ ಇಟ್ಟರೆ ಕತ್ತರಿಸುವವರ ಕೈಗೆ ಅದು ತಲುಪುವುದಿಲ್ಲ. ಅಂಗಡಿಯಲ್ಲಿ ಮಾತಾಡುವವರು ಒಬ್ಬರು, ಕತ್ತರಿ ಹಿಡಿಯುವವರು ಇನ್ನೊಬ್ಬರು ಇರುತ್ತಾರೆ. ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಟ್ರಯಲ್‌ಗೆ ಕರೆದಾಗ ಅದನ್ನು ತೆಗೆದುಕೊಂಡು ಹೋಗಿ, ಬ್ಲೌಸನ್ನು ಬಾಗಿಲ ಬೆಳಕಿಗೆ ತಂದು ಒಳಗು ಹೊರಗು ಮಾಡಿ ಮೂರೂ ಚೂರಿನ ಜೊತೆ ಇಟ್ಟು ನೋಡಿ. ಪಕ್ಕದ ಹೊಲಿಗೆ ಇನ್ನೂ ಕಚ್ಚಾ ಇರುವಾಗ ಪೈಪಿಂಗ್ ಬದಲಿಸಿ ಎಂದರೆ ಮಾಸ್ಟರಿಗೂ ಅಷ್ಟು ಕಷ್ಟವಾಗುವುದಿಲ್ಲ. ಬ್ಲೌಸ್ ತರುವಾಗ ಉಳಿದ ಲೈನಿಂಗ್ ಮತ್ತು ಪೈಪಿಂಗ್ ಪಟ್ಟಿಯನ್ನೂ ಕೇಳಿ ತನ್ನಿ, ಮುಂದೆ ತೋಳೋ ಕಂಕುಳೋ ಅಗಲ ಮಾಡಬೇಕಾಗಿ ಬಂದಾಗ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.